ಮೂರು–ನಾಲ್ಕು ಮತ್ತು ನಾಲ್ಕು–ಮೂರು

ಮೆಹರುನ್ನಿಸಾ ಟೀಚರ್ ಯಾರನ್ನೂ ಸುಲಭವಾಗಿ ನಂಬುವವರಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಕಂಡಕ್ಟರ್ ಕೊಟ್ಟ ಟಿಕೆಟನ್ನು ಓದಿ ನೋಡುತ್ತಾರೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವವರ ಕೈಗೆ ಹುಮನಾಬಾದಿನ ಟಿಕೆಟ್ ಹರಿದು ಕೊಟ್ಟರೆ ಸರ್ಕಾರಕ್ಕೆ ಸುಳ್ಳು ಲೆಕ್ಕ ಹೋಗುತ್ತದೆ ಎಂಬುದು ಅವರ ಅನುಮಾನ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಕೊಳ್ಳುವಾಗ ಪರ್ಸಿನಿಂದ ತಮ್ಮದೇ ಟೇಪು ತೆಗೆಯುತ್ತಾರೆ. ಅಂಗಡಿಯವರು ಈಗ ಬೇಸರ ಮಾಡಿಕೊಳ್ಳುವುದನ್ನೂ ಬಿಟ್ಟಿದ್ದಾರೆ.

ಅವರ ತಂದೆ ಸಮೀವುಲ್ಲಾ ಬುಕ್ ಬೈಂಡಿಂಗ್ ಮಾಡುತ್ತಿದ್ದರು. ಮನೆಯಲ್ಲಿ ದಖ್ಖನಿ ಮಾತು, ಅಂಗಳದ ತುಂಬ ರಟ್ಟು ಮತ್ತು ಅಂಟಿನ ವಾಸನೆ. ಐದು ಜನ ಮಕ್ಕಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಇವರೊಬ್ಬರೇ. ಗಣಿತದಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್., ಆಮೇಲೆ ಕಮಲಾಪುರದ ಪ್ರೌಢಶಾಲೆಯಲ್ಲಿ ನೌಕರಿ. ಅಂದಿನಿಂದಲೂ ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಮದುವೆ ಆಗಿಲ್ಲ. ಕೇಳಿದವರಿಗೆ, ಬಂದ ಗಂಡುಗಳ ಬಗ್ಗೆ ವಿಚಾರಿಸುತ್ತಾ ಹೋದೆ, ವಿಚಾರಣೆ ಮುಗಿಯಲಿಲ್ಲ ಎನ್ನುತ್ತಾರೆ.

ನಮ್ಮ ಸರ್ಕಾರ ಶಿಕ್ಷಕರಿಗೆ ಪಾಠ ಬಿಟ್ಟು ಬೇರೆ ಕೆಲಸಗಳನ್ನೂ ಕೊಡುತ್ತದಲ್ಲ, ಇವರಿಗೆ ಬಹಳ ವರ್ಷ ಮತದಾರರ ಪಟ್ಟಿಯ ಕೆಲಸ ಬಂದಿತ್ತು. ಒಬ್ಬರ ಹೆಸರು ಎರಡು ಕಡೆ ಸೇರಿದ್ದರೆ ಹುಡುಕಿ ಒಂದನ್ನು ತೆಗೆಸುವುದು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು. ಒಂದೇ ಮನುಷ್ಯ, ಎರಡು ಸಾಲು. ಈ ಕೆಲಸದಲ್ಲಿ ಅವರನ್ನು ಮೀರಿಸಿದವರು ತಾಲ್ಲೂಕಿನಲ್ಲಿ ಇರಲಿಲ್ಲವಂತೆ. ಇಷ್ಟು ಒಳ್ಳೆಯ ಕೆಲಸವೇ ಅವರನ್ನು ದಾರಿ ತಪ್ಪಿಸಿತು ಎಂದು ನನ್ನ ಅಭಿಪ್ರಾಯ. ಪಟ್ಟಿಯ ಹೊರಗೂ ಎರಡು ಸಾಲು ಒಂದೇ ತರಹ ಕಂಡರೆ ಅವರ ಕೈ ತಾನಾಗಿಯೇ ಒಂದರ ಮೇಲೆ ಗೆರೆ ಎಳೆಯುತ್ತಿತ್ತು.

ನನಗೆ ಅವರ ಪರಿಚಯವಾದದ್ದು ಒಂದು ಆರೋಪದಿಂದ. ಆರೋಪ ಮಾಡಿದವಳು ನಾನು.

ಕಲಬುರಗಿಯ ಸೇಡಂ ರಸ್ತೆಯಲ್ಲಿ ಕಚೇರಿ ಇಟ್ಟುಕೊಂಡಿರುವ ಒಂದು ಟ್ರಸ್ಟು ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಪರೀಕ್ಷೆ ನಡೆಸುತ್ತದೆ. ಪಾಸಾದವರಿಗೆ ಎರಡು ವರ್ಷ ಪಿಯುಸಿ ವಿಜ್ಞಾನದ ಓದು, ಹಾಸ್ಟೆಲು, ಊಟ ಎಲ್ಲ ಉಚಿತ. ಹಳ್ಳಿಯ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ನಾನು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಗಣಿತದ ಪ್ರಶ್ನೆಪತ್ರಿಕೆ ತೆಗೆಯುವುದೂ ತಿದ್ದುವುದೂ ನನ್ನ ಪಾಲಿಗೆ ಬಂದಿದೆ. ಟ್ರಸ್ಟಿನ ಕಾರ್ಯದರ್ಶಿ ಗುರುರಾಜ ವಕೀಲ, ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಸಾಧಾರಣ.

ಹೋದ ವರ್ಷದ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ‘ಒಂದೇ ಬಗೆಯ ಎರಡು ದಾಳಗಳನ್ನು ಒಟ್ಟಿಗೆ ಎಸೆದಾಗ ಮೊತ್ತ ಏಳು ಬರುವ ಸಂಭವನೀಯತೆ ಎಷ್ಟು?’ ಇದರಲ್ಲಿ ಕಷ್ಟವೇನೂ ಇಲ್ಲ. ಮೊದಲನೆಯ ದಾಳಕ್ಕೆ ಆರು ಮುಖ, ಅದರ ಪ್ರತಿಯೊಂದು ಮುಖಕ್ಕೂ ಎರಡನೆಯದರ ಆರು ಮುಖ, ಒಟ್ಟು ಮೂವತ್ತಾರು ಫಲಿತಗಳು. ಅವುಗಳಲ್ಲಿ ಏಳು ಬರುವುದು ಆರು ಸಲ. ಉತ್ತರ ಆರರಲ್ಲಿ ಒಂದು.

ಕಮಲಾಪುರದಿಂದ ಪರೀಕ್ಷೆಗೆ ಬಂದಿದ್ದ ಒಂಬತ್ತು ಮಕ್ಕಳೂ ಏಳರಲ್ಲಿ ಒಂದು ಎಂದು ಬರೆದಿದ್ದರು. ಒಂದು–ಆರು, ಎರಡು–ಐದು, ಮೂರು–ನಾಲ್ಕು, ಈ ಮೂರೇ ಜೋಡಿ. ಕೆಳಗೆ ಒಟ್ಟು ಜೋಡಿಗಳು ಇಪ್ಪತ್ತೊಂದು. ಇಪ್ಪತ್ತೊಂದರಲ್ಲಿ ಮೂರು, ಅಂದರೆ ಏಳರಲ್ಲಿ ಒಂದು.

ಸರಿಯಾದ ಉತ್ತರ ನೂರು ಜನರಲ್ಲಿ ಒಂದೇ ತರಹ ಇದ್ದರೆ ಆಶ್ಚರ್ಯವಿಲ್ಲ. ತಪ್ಪು ಉತ್ತರ ಒಂಬತ್ತು ಜನರಲ್ಲಿ ಒಂದೇ ತರಹ ಇದ್ದರೆ ಅನುಮಾನ ಪಡಬೇಕು. ‘ಈ ಒಂಬತ್ತು ಪತ್ರಿಕೆಗಳನ್ನು ತಡೆಹಿಡಿದು ವಿಚಾರಿಸುವುದು’ ಎಂದು ಬರೆದು ಕಳಿಸಿದೆ. ಗುರುರಾಜ ವಿಚಾರಣೆಯ ಮಾತು ಬಿಟ್ಟು, ನಕಲು ಕಂಡುಬಂದಿದೆ, ರದ್ದು ಮಾಡುತ್ತೇವೆ ಎಂದು ಶಾಲೆಗೆ ಪತ್ರ ಹಾಕಿದ.

ಪತ್ರ ಮುಟ್ಟಿದ ಮರುದಿನವೇ ಮೆಹರುನ್ನಿಸಾ ಟೀಚರ್ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ಹೆಂಗಸು, ಕಪ್ಪು ಬುರ್ಖಾ, ಮೂಗಿನ ತುದಿಯಲ್ಲಿ ಕನ್ನಡಕ. ಒಳಗೆ ಬಂದು ಕುರ್ಚಿಯ ತುದಿಗೆ ಕೂತರು.

“ಚಹಾ ತೊಗೋತೀರೇನು?” ಎಂದೆ.

“ಚಹಾ ಬ್ಯಾಡ್ರಿ. ನಮ್ಮ ಹುಡುಗ್ರು ಕಾಪಿ ಹೊಡದಾರ ಅಂತ ಬರದವರು ನೀವೇ ಏನ್ರಿ?”

“ಅನುಮಾನ ಅದ ಅಂತ ಬರದೀನಿ. ಒಂಬತ್ತು ಮಂದೀನೂ ಒಂದೇ ತಪ್ಪು ಮಾಡ್ಯಾರ.”

“ತಪ್ಪು ಅವರದಲ್ರಿ. ನಿಮ್ಮ ಉತ್ತರದಾಗ ಡಬಲ್ ಎಂಟ್ರಿ ಅವ.”

ಇಂಥ ಮಾತನ್ನು ನನ್ನ ಮನೆಯಲ್ಲಿ ಕೂತು ಯಾರೂ ಅಂದಿರಲಿಲ್ಲ. ಅವರು ಒಂದು ಹಾಳೆಯ ಮೇಲೆ ಏಳು ಬರುವ ಆರೂ ಜೋಡಿಗಳನ್ನು ಬರೆದರು. ಒಂದು–ಆರು, ಎರಡು–ಐದು, ಮೂರು–ನಾಲ್ಕು, ನಾಲ್ಕು–ಮೂರು, ಐದು–ಎರಡು, ಆರು–ಒಂದು. ಕೊನೆಯ ಮೂರರ ಮೇಲೆ ಅಂಗೈ ಮುಚ್ಚಿದರು.

“ಎರಡು ದಾಳ ನೆಲದ ಮ್ಯಾಲ ಬಿದ್ದಾವ. ಒಂದ್ರಾಗ ಮೂರು, ಒಂದ್ರಾಗ ನಾಕು. ಇದು ಮೂರು–ನಾಕೋ, ನಾಕು–ಮೂರೋ? ನೀವು ಆ ಕಡೆ ನಿಂತು ನೋಡ್ರಿ, ನಾ ಈ ಕಡೆ ನಿಂತು ನೋಡ್ತೀನಿ. ಒಂದೇ ಚೀಜ್ ಅಲ್ರೀ ಅದು? ಎರಡು ಸಲ ಯಾಕ ಎಣಸ್ತೀರಿ?”

“ಹಂಗಾದ್ರ ಪಠ್ಯಪುಸ್ತಕದಾಗ ಮೂವತ್ತಾರು ಯಾಕ ಕೊಟ್ಟಾರ?”

“ಅಲ್ಲಿ ದಾಳದ ಬಣ್ಣ ಬ್ಯಾರೆ ಬ್ಯಾರೆ ಅದರೀ. ಬಣ್ಣ ಬ್ಯಾರೆ ಇದ್ರ ನಾನೂ ಮೂವತ್ತಾರೇ ಕಲಸ್ತೀನಿ. ನೀವು ಏನ್ ಬರದೀರಿ? ‘ಒಂದೇ ಬಗೆಯ’ ಅಂತ ಬರದೀರಿ. ಸುಮ್ನ ಬರದೀರೇನು? ಪ್ರಶ್ನೆ ತಗ್ಯಾವರು ಒಂದು ಅಕ್ಷರನೂ ಸುಮ್ನ ಹಾಕಂಗಿಲ್ಲ. ಅದರಾಗ ಏನೋ ಖೆಡ್ಡಾ ಇರ್ತದ, ನೋಡಿ ಹೆಜ್ಜಿ ಇಡ್ರಿ ಅಂತ ನಮ್ಮ ಹುಡುಗ್ರಿಗೆ ನಾನೇ ಕಲಸೀನಿ.”

ಒಂದು ದಾಳ ದೊಡ್ಡದು ಒಂದು ಸಣ್ಣದು ಇದ್ದರೆ ಹೇಗೆ ಎಂದು ಯಾರೂ ಕೇಳದಿರಲಿ ಎಂದು ನಾನು ಆ ಮಾತು ಹಾಕಿದ್ದೆ, ಅಷ್ಟೇ. ಆದರೆ ಅದನ್ನು ಅವರಿಗೆ ಹೇಳಲಿಲ್ಲ. ನನ್ನ ಮನಸ್ಸಿನಲ್ಲಿ ಬೇರೆ ಅನುಮಾನ ನಡೆದಿತ್ತು. ಒಂಬತ್ತೂ ಪತ್ರಿಕೆಗಳಿಗೆ ಒಂದೇ ಏಟಿಗೆ ಹೊಂದುವ ವಿವರಣೆ ಇದು. ಆರೋಪ ಬಂದ ಮೇಲೆ ಕೂತು ಹೊಸೆದದ್ದಾದರೂ ಇಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಜಾಣ ಶಿಕ್ಷಕಿಗೆ ಒಂದು ರಾತ್ರಿ ಸಾಕು.

“ನಾ ಕಮಲಾಪುರಕ್ಕ ಬಂದು ಮಕ್ಕಳನ್ನ ಕೇಳ್ತೀನಿ,” ಎಂದೆ.

“ಬರ್ರಿ. ಆದ್ರ ಯಾವತ್ತು ಬರ್ತೀರಿ ಅಂತ ನನಗ ಹೇಳಬ್ಯಾಡ್ರಿ. ಹೇಳಿದ್ರಂದ್ರ, ಟೀಚರ್ ಕಲಿಸಿಟ್ಟಾಳ ಅಂತ ನೀವೇ ಅಂತೀರಿ.”

ಅವರ ಬಗ್ಗೆ ನನಗೆ ಸ್ವಲ್ಪ ಗೌರವ ಬಂದದ್ದು ಆಗ.

ನಾನೂ ಗುರುರಾಜನೂ ಹೇಳದೆಯೇ ಹೋದೆವು. ಮರುದಿನ ಟ್ರಸ್ಟಿನ ಆಯ್ಕೆ ಪಟ್ಟಿ ಹೊರಬೀಳಬೇಕಿತ್ತು. ಸಂಜೆಯೊಳಗೆ ಈ ಮಕ್ಕಳ ವಿಷಯ ತೀರ್ಮಾನವಾಗದಿದ್ದರೆ ಅವರ ಹೆಸರು ಬಿಟ್ಟೇ ಪಟ್ಟಿ ಹೋಗುತ್ತದೆ ಎಂದು ಗುರುರಾಜ ಕಾರಿನಲ್ಲೇ ಹೇಳಿದ. ಅವನಿಗೆ ಆ ಟೀಚರ್ ಮೇಲೆ ಒಂದು ಚೂರೂ ನಂಬಿಕೆ ಇರಲಿಲ್ಲ. “ಮೇಡಂ, ಕೋರ್ಟಿನಾಗ ದಿನಾ ನೋಡ್ತೀನಿ. ಸಿಕ್ಕಿಬಿದ್ದವರೇ ಮದಲ ಸಿದ್ಧಾಂತ ಮಾತಾಡ್ತಾರ,” ಎಂದ.

ಮುಖ್ಯೋಪಾಧ್ಯಾಯ ಜಗದೇವಪ್ಪ ನಮ್ಮನ್ನು ಕಂಡು ಗಾಬರಿಯಾಗಿ ಎಲ್ಲರಿಗೂ ಬಾಳೆಹಣ್ಣು ತರಿಸಿದರು. ಒಂಬತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ದೂರ ದೂರ ಕೂಡಿಸಿದೆ. ಟೀಚರ್‌ಗೆ ಹೊರಗೆ ನಿಲ್ಲಲು ಹೇಳಿದೆ. ಪ್ರಶ್ನೆಯನ್ನು ಅಲ್ಲಿಯೇ ಯೋಚಿಸಿ ಬೋರ್ಡಿನ ಮೇಲೆ ಬರೆದೆ: ‘ಒಂದೇ ಬಗೆಯ ಎರಡು ದಾಳಗಳನ್ನು ಎಸೆದಾಗ ಎರಡರಲ್ಲೂ ಒಂದೇ ಸಂಖ್ಯೆ ಬರುವ ಸಂಭವನೀಯತೆ ಎಷ್ಟು?’

ಈ ಪ್ರಶ್ನೆ ಆರಿಸಿದ್ದಕ್ಕೆ ಕಾರಣವಿತ್ತು. ಸರಿಯಾದ ಲೆಕ್ಕದಲ್ಲಿ ಇದು ಮೂವತ್ತಾರರಲ್ಲಿ ಆರು, ಅಂದರೆ ಆರರಲ್ಲಿ ಒಂದು. ಇಪ್ಪತ್ತೊಂದರ ಲೆಕ್ಕದಲ್ಲಿ ಇಪ್ಪತ್ತೊಂದರಲ್ಲಿ ಆರು, ಅಂದರೆ ಏಳರಲ್ಲಿ ಎರಡು. ಮಕ್ಕಳು ಪರೀಕ್ಷೆಯ ದಿನ ಬರೀ ಉತ್ತರವನ್ನು ನಕಲು ಮಾಡಿದ್ದರೆ, ಹೊಸ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಬೇಕು.

ಯಾರೂ ಹೋಗಲಿಲ್ಲ. ಸಬಾ ಎಂಬ ಹುಡುಗಿ ಇಪ್ಪತ್ತೊಂದು ಜೋಡಿಗಳನ್ನೂ ಸಾಲಾಗಿ ಬರೆದು ಏಳರಲ್ಲಿ ಎರಡು ಎಂದಳು. ಜೈಭೀಮ ಎಂಬ ಹುಡುಗ ಇಪ್ಪತ್ತೊಂದರಲ್ಲಿ ಆರು ಎಂದು ಬರೆದು ಸಂಕ್ಷೇಪಿಸಲು ಮರೆತಿದ್ದ. ಒಂಬತ್ತೂ ಜನರ ದಾರಿ ಒಂದೇ.

“ಇವರಿಗೆ ಕಲಸ್ಯಾರ,” ಎಂದೆ ಗುರುರಾಜನಿಗೆ. “ಕಾಪಿ ಅಲ್ಲ.”

“ಯಾವಾಗ ಕಲಸ್ಯಾರ ಮೇಡಂ? ಪರೀಕ್ಷಾಕ್ಕಿಂತ ಮದಲೋ, ನಮ್ಮ ಪತ್ರ ಬಂದ ಮ್ಯಾಲೋ?”

ಅವನ ಪ್ರಶ್ನೆ ನ್ಯಾಯವಾಗಿತ್ತು. ಬಾಗಿಲಲ್ಲಿದ್ದ ಮೆಹರುನ್ನಿಸಾ ಅದನ್ನು ಕೇಳಿಸಿಕೊಂಡು ಒಳಗೆ ಬಂದರು. ಬೀರು ತೆಗೆದು, ರಬ್ಬರ್ ಹಾಕಿದ ಒಂದು ಕಟ್ಟನ್ನು ಮೇಜಿನ ಮೇಲಿಟ್ಟರು. ರಟ್ಟಿನ ಕಾರ್ಡುಗಳು. ಪ್ರತಿ ಕಾರ್ಡಿನ ಮೇಲೆ ಎರಡು ದಾಳದ ಚಿತ್ರ. ಒಂದು–ಒಂದು, ಒಂದು–ಎರಡು, ಹೀಗೆ ಆರು–ಆರರ ತನಕ ಇಪ್ಪತ್ತೊಂದು.

“ಇದೇನು? ಇಸ್ಪೀಟೇನ್ರಿ?” ಎಂದ ಗುರುರಾಜ.

“ದಾಳ ಸಾಲ್ಯಾಗ ತರಂಗಿಲ್ರಿ. ಜಗದೇವಪ್ಪ ಸರ್ ಆರ್ಡರ್ ಮಾಡ್ಯಾರ.”

ಜಗದೇವಪ್ಪ ಕೆಮ್ಮಿದರು. ಕೆಲವು ವರ್ಷಗಳ ಹಿಂದೆ ಟೀಚರ್ ತರಗತಿಗೆ ದಾಳ ತಂದಿದ್ದಾಗ, ಶಾಲೆಯಲ್ಲಿ ಜೂಜು ಕಲಿಸುತ್ತಿದ್ದಾರೆ ಎಂದು ಪಾಲಕರು ಬಂದು ಗಲಾಟೆ ಮಾಡಿದ್ದರಂತೆ. “ಎಲ್ಲಾ ಜಾತಿಯವರೂ ಒಂದಾಗಿ ಬಂದಿದ್ರು ಮೇಡಂ,” ಎಂದರು. “ಅಷ್ಟು ಒಗ್ಗಟ್ಟು ನಾ ಮತ್ತ ನೋಡಿಲ್ಲ.” ಅಂದಿನಿಂದ ದಾಳದ ಬದಲು ಕಾರ್ಡು. ತಂದೆಯ ಮನೆಯಲ್ಲಿ ಉಳಿದಿದ್ದ ರಟ್ಟಿನಲ್ಲಿ ಟೀಚರ್ ತಾವೇ ಕತ್ತರಿಸಿ ಮಾಡಿದ್ದು. ಮಕ್ಕಳು ಕಾರ್ಡುಗಳನ್ನು ಕಲಸಿ ಒಂದನ್ನು ಎಳೆದು, ಬಂದದ್ದನ್ನು ಬರೆದುಕೊಂಡು, ಮತ್ತೆ ಒಳಗಿಟ್ಟು ಕಲಸುತ್ತಾರೆ.

ಗುರುರಾಜ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ದಾಖಲೆ ಹಳೆಯದೋ ಹೊಸದೋ ನೋಡುವುದು ಅವನ ಕಸುಬು. ಅಂಚುಗಳು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಹಿಂದೆ ಬೆರಳಿನ ಜಿಡ್ಡು ಕೂತು ಹೊಳೆಯುತ್ತಿತ್ತು. ಒಂದು ಕಾರ್ಡಿನ ಹಿಂದೆ ಯಾವುದೋ ಹಳೆಯ ವಿದ್ಯಾರ್ಥಿ ‘ಗುಫ್ರಾನ್ ಪಾಸ್’ ಎಂದು ಕೊರೆದಿದ್ದ.

“ಇವು ಹಳೇವ ಅವ,” ಎಂದು ಒಪ್ಪಿಕೊಂಡ. ಅವನಿಗೆ ಅದು ಇಷ್ಟವಾದಂತೆ ಕಾಣಲಿಲ್ಲ.

ಅಲ್ಲಿಯೇ ಕೂತು ಟೀಚರ್ ಹೆಸರಿನಲ್ಲಿ ಹೇಳಿಕೆ ಬರೆದ. ಮಕ್ಕಳು ನಕಲು ಮಾಡಿಲ್ಲ. ಅವರ ಉತ್ತರ ತಪ್ಪು. ಆ ತಪ್ಪನ್ನು ಕಲಿಸಿದವಳು ನಾನು. ಕೆಳಗೆ ಸಹಿ.

ಟೀಚರ್ ಓದಿದರು. “ಕಲಸಿದ್ದು ನಾನು ಅಂತ ಬರಕೊಡ್ತೀನಿ. ತಪ್ಪು ಅಂತ ಬರಕೊಡಂಗಿಲ್ಲ.”

“ಎರಡೂ ಬೇಕ್ರಿ,” ಎಂದ ಗುರುರಾಜ. “ಸರಿ ಅದ ಅಂತ ನೀವು ಹಟ ಹಿಡದ್ರ, ಕಾಪಿ ಮುಚ್ಚಲಿಕ್ಕೆ ವಾದ ಹೂಡ್ಯಾರ ಅಂತಾರ ನಮ್ಮ ಟ್ರಸ್ಟಿನವರು. ತಪ್ಪು ಅಂತ ಬರೀರಿ, ಒಂಬತ್ತೂ ಪತ್ರಿಕಾ ಇವತ್ತೇ ಬಿಡ್ತೀನಿ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ.”

“ಖರೇ ಇದ್ದದ್ದಕ್ಕ ಸುಳ್ಳು ಅಂತ ಹ್ಯಾಂಗ ಸಹಿ ಮಾಡಲ್ರಿ? ಇವರ ಎದುರಿಗೆ?” ಎಂದು ಮಕ್ಕಳ ಕಡೆ ಕೈ ತೋರಿಸಿದರು.

 ಮಕ್ಕಳಿಗೆ ವಿಷಯ ಚೆನ್ನಾಗಿ ಅರ್ಥವಾಗಿತ್ತು. ಟೀಚರ್ ಹಟ ಗೆದ್ದರೆ ತಮ್ಮ ಹಾಸ್ಟೆಲು ಹೋಯಿತು.

ಸುಳ್ಳೇ ಸಹಿ ಮಾಡಿರಿ ಎಂದು ಅವರಿಗೆ ಹೇಳುವುದು ನನ್ನಿಂದ ಆಗದ ಮಾತು. ಉಳಿದಿದ್ದು ಒಂದೇ ದಾರಿ. ಅವರಿಗೆ ಅದು ತಪ್ಪೆಂದು ಕಾಣಿಸಬೇಕು.

“ಒಂದು ದಾಳಕ್ಕ ಕೆಂಪು ಮಸಿ ಹಚ್ಚಿದೆ ಅಂತ ತಿಳೀರಿ. ಆಗ ಎಷ್ಟು ಫಲಿತ?” ಎಂದೆ.

“ಮೂವತ್ತಾರು.”

“ಏಳು ಬರೋದು?”

“ಆರರಾಗ ಒಂದು.”

“ಮಸಿ ತೊಳದೆ. ಈಗ?”

“ಇಪ್ಪತ್ತೊಂದು. ಏಳರಾಗ ಒಂದು.”

“ಅಂದ್ರ ಮಸಿ ತೊಳದ ಕೂಡ್ಲೇ ದಾಳಗಳು ಬ್ಯಾರೆ ರೀತಿ ಬೀಳ್ಲಾಕತ್ತವು. ತಮ್ಮ ಮ್ಯಾಲ ಮಸಿ ಅದನೋ ಇಲ್ಲೋ ಅಂತ ದಾಳಕ್ಕ ಗೊತ್ತಾಗ್ತದ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ತರಗತಿಯಲ್ಲಿ ಬುರ್ಖಾ ತೆಗೆದು ಸೀರೆಯಲ್ಲೇ ಇರುತ್ತಾರೆ. “ಮಾತು ಚಂದ ಮಾತಾಡ್ತೀರಿ ನೀವು,” ಎಂದರು. “ಚಂದ ಮಾತಾಡೋರ ಮ್ಯಾಲ ನನಗ ಮದಲೇ ಶಕ್.”

“ಹಂಗಾದ್ರ ಮಾತು ಬ್ಯಾಡ. ವೋಟರ್ ಲಿಸ್ಟಿನ ಕೆಲಸ ಮಾಡೀರಂತಲ್ಲ, ಅದರಾಗ ಎರಡು ಸಾಲು ಒಂದೇ ತರ ಕಂಡ್ರ ನೀವು ಏನ್ ಮಾಡ್ತಿದ್ರಿ? ಕೂತಲ್ಲೇ ಗೆರಿ ಹೊಡೀತಿದ್ರೇನು?”

“ಕೂತಲ್ಲೇ ಹ್ಯಾಂಗ ಹೊಡೀಲಿಕ್ಕೆ ಬರ್ತದ್ರಿ? ಮನಿಗೆ ಹೋಗಿ ನೋಡ್ತಿದ್ದೆ. ಮಂದಿ ಒಬ್ಬರೋ ಇಬ್ಬರೋ ಅಂತ.”

“ಇಲ್ಲಿ ಮನಿಗೆ ಹೋಗೀರೇನು?”

 ಅವರು ಹೋಗಿರಲಿಲ್ಲ. ದಾಳದ ಬಾಗಿಲು ಜಗದೇವಪ್ಪ ಮುಚ್ಚಿಸಿದ್ದರು. ಅವರ ಪರೀಕ್ಷೆಯೆಲ್ಲ ಕಾರ್ಡಿನ ಮೇಲೆ ನಡೆದದ್ದು. ಕಾರ್ಡಿನ ಕಟ್ಟು ಇಪ್ಪತ್ತೊಂದಕ್ಕೆ ಸಾಕ್ಷಿ ಹೇಳದೆ ಬೇರೆ ಏನು ಹೇಳೀತು?

ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಗುರುರಾಜನೇ ಹೋಗಿ ಲೂಡೋ ಡಬ್ಬಿಗಳನ್ನು ತಂದ. ಜಗದೇವಪ್ಪ ದಾಳಗಳನ್ನು ಕಂಡು ಕಿಟಕಿ ಮುಚ್ಚಿಸಿದರು. “ಬಾಗಲಾ ಹಾಕ್ಕೊಂಡು ಆಡ್ರಿ ಮೇಡಂ. ಈ ಸಲ ಯಾರರೆ ನೋಡಿದ್ರ ನನಗ ವರ್ಗಾ ಆಗ್ತದ,” ಎಂದು ಹೇಳಿ, ತಾವು ಬಾಗಿಲಿನ ಹೊರಗೆ ಕಾವಲು ನಿಂತರು.

ಟೀಚರ್ ದಾಳಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅಂಗೈಯಲ್ಲಿ ತೂಗಿದರು. ಒಂದರ ಮೂಲೆ ಕಿತ್ತಿದೆ ಎಂದು ತೆಗೆದುಹಾಕಿದರು. ಕೊನೆಗೆ ಬಿಳಿಯವೇ ಎರಡು ಒಪ್ಪಿಗೆಯಾದವು. ನಾನು ಏಳನ್ನು ಬಿಟ್ಟು, ಎರಡರಲ್ಲೂ ಒಂದೇ ಸಂಖ್ಯೆ ಬರುವ ಜೋಡಿಗಳನ್ನೇ ಎಣಿಸೋಣ ಎಂದೆ. ಏಳರಲ್ಲಿ ಒಂದಕ್ಕೂ ಆರರಲ್ಲಿ ಒಂದಕ್ಕೂ ಅಂತರ ಸಣ್ಣದು. ಆಟದಲ್ಲಿ ಅದು ಕಾಣದೆ ಹೋಗಬಹುದು. ಜೋಡಿಯಲ್ಲಿ ಅಂತರ ದೊಡ್ಡದು. ಇನ್ನೂರಾ ಹತ್ತು ಸಲ ಎಸೆದರೆ ಅವರ ಲೆಕ್ಕದಲ್ಲಿ ಸುಮಾರು ಅರವತ್ತು ಜೋಡಿ ಬರಬೇಕು, ನನ್ನ ಲೆಕ್ಕದಲ್ಲಿ ಸುಮಾರು ಮೂವತ್ತೈದು.

“ಸುಮಾರು ಅಂದ್ರ ಎಷ್ಟು?” ಎಂದರು.

“ನಲವತ್ತೈದು ದಾಟಿದ್ರ ನನ್ನ ಮ್ಯಾಲ ಅನುಮಾನ ಪಡ್ರಿ. ಐವತ್ತೈದು ದಾಟಿದ್ರ ನಿಮ್ಮ ಉತ್ತರನೇ ಸರಿ ಅಂತ ನಾನೇ ಸಹಿ ಮಾಡ್ತೀನಿ.”

ಮಕ್ಕಳು ಸರದಿಯ ಮೇಲೆ ಎಸೆದರು. ಟೀಚರ್ ಬೋರ್ಡಿನ ಮೇಲೆ ಗೆರೆ ಹಾಕಿದರು. ಅವರ ಗೆರೆಗಳನ್ನು ಗುರುರಾಜ ತನ್ನ ಹಾಳೆಯ ಮೇಲೆ ತಾಳೆ ನೋಡಿದ. ಅವನ ಹಾಳೆಯನ್ನು ನಾನು ನೋಡಿದೆ. ಆ ಕೋಣೆಯಲ್ಲಿ ಒಬ್ಬರನ್ನೊಬ್ಬರು ನಂಬಿದವರು ಇರಲಿಲ್ಲ, ಅದು ಒಳ್ಳೆಯದೇ ಆಯಿತು. ದಾಳ ಮೇಜಿನ ಕೆಳಗೆ ಉರುಳಿದಾಗ ಜೈಭೀಮ, “ಟೀಚರ್, ಕೆಳಗ ಬಿದ್ದದ್ದು ಲೆಕ್ಕಕ್ಕ ಹಿಡಿಯಂಗದನ್ರಿ?” ಎಂದ. “ಹಿಡಿಯಂಗಿಲ್ಲ. ನೀ ಕೆಳಗ ಹೋಗಿ ಏನು ಮಾಡ್ತಿ ಯಾರಿಗೆ ಗೊತ್ತು,” ಎಂದರು ಟೀಚರ್. ಅಷ್ಟು ಹೊತ್ತಿನಲ್ಲಿ ಮಕ್ಕಳು ನಕ್ಕದ್ದು ಅದೊಂದೇ ಸಲ.

ನೂರು ದಾಟಿದಾಗ ಜೋಡಿಗಳು ಹದಿನೇಳು.  ಇನ್ನೂರಾ ಹತ್ತಕ್ಕೆ ಮೂವತ್ತಮೂರು.

ಅವರು ಬೋರ್ಡಿನ ಮುಂದೆ ನಿಂತು ಗೆರೆಗಳನ್ನು ಮತ್ತೆ ಎಣಿಸಿದರು. ಆಮೇಲೆ ಸಬಾಳನ್ನು ಕರೆದು, “ನೀನು ಎಣಸು,” ಎಂದರು. ಅವಳ ಎಣಿಕೆಯೂ ಮೂವತ್ತಮೂರು.

“ಕಾರ್ಡಿನಾಗ ಪ್ರತಿ ವರ್ಷ ಏಳರಾಗ ಎರಡೇ ಬರ್ತಿತ್ರಿ,” ಎಂದರು ನನ್ನ ಕಡೆ ತಿರುಗಿ. ದನಿಯಲ್ಲಿ ಜಗಳ ಉಳಿದಿರಲಿಲ್ಲ, ಅನುಮಾನ ಉಳಿದಿತ್ತು. “ಅದೂ ಸುಳ್ಳಲ್ಲ. ನಾನೇ ಎದುರಿಗೆ ಕೂತು ಎಣಸೀನಿ.”

“ಸುಳ್ಳಲ್ಲ. ಕಾರ್ಡಿನಾಗ ಮೂರು–ನಾಕಿಗೂ ಒಂದೇ ಕಾರ್ಡು, ನಾಕು–ನಾಕಿಗೂ ಒಂದೇ ಕಾರ್ಡು ಕೊಟ್ಟೀರಿ. ಎರಡೂ ಅಷ್ಟಷ್ಟೇ ಸಲ ಬರ್ತಾವ. ದಾಳ ಹಂಗ ಕೊಡಂಗಿಲ್ಲ.”

ಅವರು ಎರಡೂ ದಾಳಗಳನ್ನು ಎತ್ತಿಕೊಂಡರು. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು. ಎಡಗೈಯದನ್ನು ಮೂರಕ್ಕೆ, ಬಲಗೈಯದನ್ನು ನಾಲ್ಕಕ್ಕೆ ತಿರುಗಿಸಿದರು. ಆಮೇಲೆ ಎಡಗೈಯದನ್ನು ನಾಲ್ಕಕ್ಕೆ, ಬಲಗೈಯದನ್ನು ಮೂರಕ್ಕೆ.

“ಕಣ್ಣಿಗೆ ಒಂದೇ ಕಾಣಸ್ತದ,” ಎಂದರು. “ಆದ್ರ ಎರಡು ಸಲ ಆಗ್ಯದ.”

“ಹೌದು.”

“ಹಂಗಾದ್ರ ನಾಕು–ನಾಕೂ ಎರಡು ಸಲ ಎಣಸಬೇಕಲ್ರಿ? ಇದರದು ನಾಕು, ಅದರದು ನಾಕು. ಅಲ್ಲಿ ಯಾಕ ಒಂದೇ ಹಿಡೀತೀರಿ? ಈಗ ನೀವೇ ಒಂದು ಎಂಟ್ರಿ ನುಂಗಾಕತ್ತೀರಿ.”

ಇದು ಒಳ್ಳೆಯ ಪ್ರಶ್ನೆ. ಮೂವತ್ತಾರನ್ನು ಬಾಯಿಪಾಠ ಮಾಡಿದವರಿಗೆ ಹೊಳೆಯದ ಪ್ರಶ್ನೆ. ನಾನು ಉತ್ತರ ಹೇಳಲಿಲ್ಲ. “ತಿರುಗಿಸಿ ತೋರಸ್ರಿ, ನಾಕು–ನಾಕು ಎರಡು ತರಹ ಮಾಡ್ರಿ,” ಎಂದೆ.

ಎರಡನ್ನೂ ನಾಲ್ಕಕ್ಕೆ ತಿರುಗಿಸಿದರು. ಎರಡನೆಯ ತರಹಕ್ಕಾಗಿ ಎಡಗೈಯ ದಾಳವನ್ನು ಹೊರಳಿಸಿ ಹೊರಳಿಸಿ ನೋಡಿದರು. ಮೂರು ಬಂತು, ಐದು ಬಂತು, ಒಂದು ಬಂತು. ನಾಲ್ಕು ಬಂದಾಗ ಅದು ಮೊದಲಿನ ನಾಲ್ಕೇ ಆಗಿತ್ತು. ದಾಳಗಳನ್ನು ಕೈ ಬದಲಿಸಿದರು. ಎಡಗೈಯಲ್ಲಿ ನಾಲ್ಕು, ಬಲಗೈಯಲ್ಲಿ ನಾಲ್ಕು. ಮುಂದೆ ಹೋಗಲು ದಾರಿಯೇ ಇರಲಿಲ್ಲ.

“ಒಂದೇ,” ಎಂದರು.

“ಬ್ಯಾರೆ ಸಂಖ್ಯೆಯ ಜೋಡಿ ಎಷ್ಟು ಅವ ನಿಮ್ಮ ಕಟ್ಟಿನಾಗ?”

“ಹದಿನೈದು.”

“ಅವು ಎರಡೆರಡು ಸಲ.”

“ಮೂವತ್ತು. ಒಂದೇ ಸಂಖ್ಯೆಯವು ಆರು. ಮೂವತ್ತಾರು.” ಇದನ್ನು ಅವರು ನನಗೆ ಹೇಳಿದ್ದಲ್ಲ. ಬೋರ್ಡಿಗೆ ಹೇಳಿದಂತಿತ್ತು.

ಗುರುರಾಜ ಗಡಿಯಾರ ನೋಡಿ ಹೇಳಿಕೆಯನ್ನು ಮುಂದೆ ಸರಿಸಿದ. ಅವರು ಪೆನ್ನು ತೆಗೆದುಕೊಳ್ಳಲಿಲ್ಲ. ಬೀರುವಿನಿಂದ ರಟ್ಟು ಮತ್ತು ಕತ್ತರಿ ತೆಗೆದು ಸಬಾಳ ಕೈಗೆ ಕೊಟ್ಟರು. “ಹದಿನೈದು ಕತ್ತರಸು. ಉಲ್ಟಾ ಜೋಡಿ ಬರಿ. ಎರಡು–ಒಂದರಿಂದ ಸುರು ಮಾಡು.”

“ಟೀಚರ್, ಸಂಜೀ ಆಗ್ಲಾಕತ್ತದ,” ಎಂದ ಗುರುರಾಜ. “ಸಹಿ ಮಾಡಿ ಆಮ್ಯಾಲ ಕತ್ತರಿಸ್ರಿ.”

“ದಾಳದ ಮಾತು ನೀವು ತಂದ ದಾಳ ಹೇಳ್ಯದ ವಕೀಲ ಸಾಹೇಬ್ರ. ನನ್ನ ಕಾರ್ಡು ಹೇಳಲಿ.”

ಹೊಸ ಹದಿನೈದು ಕಾರ್ಡು ಸೇರಿಸಿದ ಕಟ್ಟಿನಿಂದ ಮಕ್ಕಳು ಎಳೆದರು, ಬರೆದುಕೊಂಡರು, ಮತ್ತೆ ಒಳಗಿಟ್ಟರು. ಹೊಸ ರಟ್ಟು ಬೆರಳಿಗೆ ಗೊತ್ತಾಗುತ್ತದೆಂದು ಟೀಚರ್ ತೆಗೆದಿಟ್ಟಿದ್ದ ಬುರ್ಖಾದ ಓಢಣಿಯನ್ನು ಮೇಲೆ ಮುಚ್ಚಿ, ಕಾರ್ಡನ್ನು ಸ್ಕೇಲಿನ ತುದಿಯಿಂದ ಸರಿಸಿ ತೆಗೆಸಿದರು. ಗುರುರಾಜ ಹೊರಗೆ ಹೋಗಿ ಟ್ರಸ್ಟಿನ ಅಧ್ಯಕ್ಷರಿಗೆ ಫೋನು ಮಾಡಿ ಇನ್ನೊಂದು ತಾಸು ಬೇಡಿಕೊಂಡ. ಈ ಸಲವೂ ಇನ್ನೂರಾ ಹತ್ತರಲ್ಲಿ ಒಂದೇ ಸಂಖ್ಯೆಯ ಜೋಡಿಗಳು ಮೂವತ್ತೆಂಟು ಬಂದವು. ಅರವತ್ತಕ್ಕೆ ಅದು ಎಲ್ಲೂ ಹತ್ತಿರವಿಲ್ಲ.

ಆಗ ಪೆನ್ನು ತೆಗೆದುಕೊಂಡರು. ಹೇಳಿಕೆಯನ್ನು ಮೊದಲಿನಿಂದ ಓದಿದರು. ನಡುವೆ ಒಂದು ಪದದ ಮೇಲೆ ನಿಂತರು.

“‘ಅಜಾಗರೂಕತೆಯಿಂದ’ ಅಂತ ಯಾಕ ಹಾಕೀರಿ?”

“ನಿಮಗೇ ಛಲೋ ಆಗ್ಲಿ ಅಂತ ಹಾಕೀನಿ,” ಎಂದ ಗುರುರಾಜ. “ಅಜಾಗರೂಕತೆ ಅಂದ್ರ ಇಲಾಖೆಯವರು ಕೇಳಿದ್ರೂ ದೊಡ್ಡದು ಮಾಡಂಗಿಲ್ಲ. ಎಲ್ಲಾರಿಂದನೂ ಆಗೋ ಮಾತು.”

“ನನ್ನಿಂದ ಆಗಿಲ್ಲ.” ಆ ಪದದ ಮೇಲೆ ನೇರವಾದ ಗೆರೆ ಎಳೆದರು. ಮೇಲೆ ಸಣ್ಣ ಅಕ್ಷರದಲ್ಲಿ ‘ವಿಚಾರ ಮಾಡಿ’ ಎಂದು ಬರೆದು, ತಿದ್ದಿದ ಜಾಗದಲ್ಲಿ ಒಂದು ಸಹಿ, ಕೆಳಗೆ ಒಂದು ಸಹಿ ಹಾಕಿದರು. ವಿಚಾರ ಮಾಡಿ ತಪ್ಪು ಕಲಿಸಿದ್ದೇನೆ, ಮಕ್ಕಳು ನಕಲು ಮಾಡಿಲ್ಲ ಎಂದಾಯಿತು. ತನ್ನ ಹೇಳಿಕೆ ಹಾಳಾಯಿತೆಂದು ಗುರುರಾಜ ಗೊಣಗಿದ. ನನಗೆ ಅದು ಸರಿಯೆನಿಸಿತು.

ಒಂಬತ್ತು ಪತ್ರಿಕೆಗಳೂ ಬಿಡುಗಡೆಯಾದವು. ಹೊರಡುವಾಗ ಸಬಾ ಬಾಗಿಲ ಹತ್ತಿರ ಬಂದು, “ಮೇಡಂ, ಆ ಪ್ರಶ್ನಿಗೆ ಅಂಕ ಬರ್ತಾವೇನ್ರಿ?” ಎಂದಳು.

“ಬರಂಗಿಲ್ಲ,” ಎಂದೆ.

“ಕಲಸಿದವಳು ನಾನು, ಅಂಕ ಹೋಗೋದು ಇವರದು,” ಎಂದರು ಟೀಚರ್. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಕರಗುತ್ತೇನೋ ಎಂದು ಆಸೆಯಿಂದ ನೋಡಿದರೋ, ಕರಗಿಬಿಡುತ್ತೇನೋ ಎಂದು ಅನುಮಾನದಿಂದ ನೋಡಿದರೋ ಹೇಳಲಾರೆ. ಬೇರೆ ಶಾಲೆಗಳ ಮಕ್ಕಳಲ್ಲೂ ಆ ಪ್ರಶ್ನೆ ತಪ್ಪಿದವರಿದ್ದರು. ಅವರಿಗೆ ನಾನು ಸೊನ್ನೆ ಕೊಟ್ಟಿದ್ದೆ. ಇವರಿಗೂ ಅದೇ.

ಮರುದಿನದ ಪಟ್ಟಿಯಲ್ಲಿ ಕಮಲಾಪುರದ ನಾಲ್ಕು ಹೆಸರು ಬಂದವು. ಸಬಾ ಇದ್ದಳು. ಜೈಭೀಮನ ಹೆಸರಿರಲಿಲ್ಲ. ಆ ಪ್ರಶ್ನೆ ಸರಿಯಾಗಿದ್ದರೆ ಅವನೂ ಬರುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೆಹರುನ್ನಿಸಾ ಟ್ರಸ್ಟು ಕಳಿಸಿದ ಅಂಕಗಳನ್ನು ತಾವೇ ಕೂಡಿಸಿ ಕಂಡುಹಿಡಿದಿದ್ದರು. ಅದೇ ವಾರ ಟ್ರಸ್ಟಿನ ಕಚೇರಿಗೆ ಬಂದು, ಆಯ್ಕೆಯಾಗದವರಿಗೆ ಮುಂದಿನ ವರ್ಷ ಇನ್ನೊಂದು ಅವಕಾಶ ಇದೆಯೇ ಎಂದು ವಿಚಾರಿಸಿದರಂತೆ. ಪಿಯುಸಿಯ ಮೊದಲ ವರ್ಷ ಮುಗಿಸಿದವರಿಗೆ ಒಂದು ಪರೀಕ್ಷೆ ಇದೆ ಎಂದು ಗುಮಾಸ್ತ ಹೇಳಿದ. ಅವನ ಮಾತನ್ನು ನಂಬದೆ ನಿಯಮದ ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಈಗ ಭಾನುವಾರಗಳಂದು ಜೈಭೀಮ ಬೆಳಗಿನ ಬಸ್ಸು ಹಿಡಿದು ಆ ಪರೀಕ್ಷೆಯ ಪಾಠಕ್ಕೆಂದು ಕಲಬುರಗಿಗೆ, ಟೀಚರ್ ಮನೆಗೆ ಬರುತ್ತಾನೆ. ಪಾಠ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಅವನಿಗೆ ಅದು ಇಷ್ಟವೋ ಇಲ್ಲವೋ ಗೊತ್ತಿಲ್ಲ. ಟೀಚರ್ ಅವನನ್ನು ಕೇಳಿಲ್ಲ.